ನಾಲ್ಕು ಗಂಟೆಯ ಕೇಸ್ ಸ್ಪರ್ಧೆ: 22 ಸ್ಲೈಡ್ ಮಾಡಿದೆವು, ಜಡ್ಜ್ ಕೇಳಿದ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ

ರಸಬಾಳೆ
ಎಲ್ಲರಿಗೂ ನಮಸ್ಕಾರ. ಎಂಬಿಎ ಎರಡನೇ ಸೆಮಿಸ್ಟರ್‌ನಲ್ಲಿದ್ದೇನೆ. ಹೋದ ಶನಿವಾರ ಬೇರೊಂದು ಕಾಲೇಜಿನ ಫೆಸ್ಟ್‌ಗೆ ಕೇಸ್ ಸ್ಪರ್ಧೆಗೆ ಹೋಗಿದ್ದೆವು. ನಾಲ್ಕು ಜನರ ಟೀಮ್. ಬೆಳಗ್ಗೆ ಒಂಬತ್ತಕ್ಕೆ 11 ಪುಟದ ಕೇಸ್ ಕೈಗೆ ಕೊಟ್ಟು ಮೊಬೈಲ್ ಇಸ್ಕೊಂಡರು. ಲ್ಯಾಪ್‌ಟಾಪ್‌ಗೆ ನೆಟ್ ಇಲ್ಲ. ಮಧ್ಯಾಹ್ನ ಒಂದಕ್ಕೆ ಪಿಪಿಟಿ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಬೇಕು. ಆಮೇಲೆ ಹತ್ತು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ.

ಕೇಸ್ ಇದು. ಬೆಂಗಳೂರಿನಲ್ಲಿ ಇಡ್ಲಿ-ದೋಸೆ ಹಿಟ್ಟು ಮಾಡಿ ಅಂಗಡಿಗಳಿಗೆ ಹಾಕುವ ಒಂದು ಕಂಪನಿ (ಕಾಲ್ಪನಿಕ). ಮಾಲೀಕರ ಮುಂದೆ ಮೂರು ದಾರಿ: ಹೈದರಾಬಾದಿಗೆ ಹೋಗುವುದು, ಸ್ವಂತ ಆ್ಯಪ್ ಮಾಡಿ ಮನೆಗೇ ಕೊಡುವುದು, ಇಲ್ಲ ಇರುವುದನ್ನೇ ಸರಿಮಾಡಿಕೊಳ್ಳುವುದು. ಯಾವುದು ಮಾಡಬೇಕು ಹೇಳಿ ಅಂತ.

ನಾವು ಹೈದರಾಬಾದ್ ಅಂದೆವು. ಮಾರುಕಟ್ಟೆ ದೊಡ್ಡದು, ಬ್ರ್ಯಾಂಡ್ ಗಟ್ಟಿ, ದಿನಕ್ಕೆ ₹90,000 ಲಾಭ ಬರ್ತಿದೆ, ಅದನ್ನೇ ಅಲ್ಲಿ ಹಾಕಿ ಅಂದೆವು. ಒಬ್ಬ ಜಡ್ಜ್ ಸುಮ್ಮನೆ ಪುಟ ತಿರುಗಿಸಿ, "ಲಾಭ ಬರ್ತಿದ್ದರೆ ಮಾಲೀಕರು ಪ್ರತಿ ತಿಂಗಳು ಸಂಬಳ ಕೊಡೋದಕ್ಕೆ ಕೈಯಿಂದ ಯಾಕೆ ದುಡ್ಡು ಹಾಕ್ತಿದ್ದಾರೆ?" ಅಂತ ಕೇಳಿದರು. ನಾಲ್ಕು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟೇ. ಎರಡನೇ ಸುತ್ತಿಗೆ ಹೋಗಲಿಲ್ಲ.

ಇನ್ನು ಮೂರು ವಾರಕ್ಕೆ ಇನ್ನೊಂದು ಸ್ಪರ್ಧೆ ಇದೆ. ಎಲ್ಲಿ ತಪ್ಪಿದೆವು, ನಾಲ್ಕು ಗಂಟೆಯನ್ನು ಹೇಗೆ ಹಂಚಿಕೊಳ್ಳಬೇಕು, ಗೊತ್ತಿದ್ದವರು ಹೇಳಿ.

ಕೊಡಗಿನ ಮಳೆ
ಕೇಸ್ ಅಂದರೆ ಲಾ ಕಾಲೇಜಿನ ಮೂಟ್ ಕೋರ್ಟ್ ತರಹಾನಾ? ಹಾಗಾದರೆ ಜಡ್ಜ್ ಮುಂದೆ ಮೊದಲು ಕಾನೂನಿನ ಅಂಶ ಇಡಬೇಕು, ಹಣಕಾಸು ಆಮೇಲೆ.

ರಸಬಾಳೆ
ಇಲ್ಲ ಇಲ್ಲ, ಬಿಸಿನೆಸ್ ಕೇಸ್. ಹಿಟ್ಟಿನ ಕಂಪನಿ ಮೇಲೆ ಯಾರೂ ದಾವೆ ಹಾಕಿಲ್ಲ 😀

ಫೆಸ್ಟ್ ಕಿಂಗ್
ನಾನು ಏಳು ಫೆಸ್ಟ್ ಆಡಿದ್ದೇನೆ, ಮೂರು ಗೆದ್ದಿದ್ದೇನೆ. ನಿಮ್ಮ ತಪ್ಪು ಫ್ರೇಮ್‌ವರ್ಕ್‌ನಲ್ಲಿದೆ. ಮೊದಲು ಸ್ವಾಟ್, ಆಮೇಲೆ ಪೋರ್ಟರ್‌ನ ಐದು ಶಕ್ತಿಗಳು, ಆಮೇಲೆ ನಾಲ್ಕು ಪಿ. ಈ ಮೂರು ಸ್ಲೈಡ್ ಇಟ್ಟರೆ ಅರ್ಧ ಮಾರ್ಕ್ ಬಂದ ಹಾಗೆ. ಜಡ್ಜ್‌ಗಳಲ್ಲಿ ಜಾಸ್ತಿ ಜನ ಪ್ರೊಫೆಸರ್‌ಗಳು. ಅವರು ಹುಡುಕುವುದೇ ಅದನ್ನು. ಟೆಂಪ್ಲೇಟ್ ಮೊದಲೇ ಮಾಡಿಟ್ಟುಕೊಂಡು ಹೋಗಿ.

ರಸಬಾಳೆ
ಅಣ್ಣ, ಸ್ವಾಟ್ ಇತ್ತು. ಐದು ಶಕ್ತಿಗಳೂ ಇದ್ದವು. ಅದಕ್ಕೇ 22 ಸ್ಲೈಡ್ ಆಗಿದ್ದು.

ಅಡಿಕೆ ತೋಟ
ಹತ್ತು ನಿಮಿಷಕ್ಕೆ 22 ಸ್ಲೈಡ್! ಸ್ಲೈಡಿಗೆ 27 ಸೆಕೆಂಡ್. ಪಾಪ ಆ ಜಡ್ಜ್‌ಗಳು.

ನಾನು ಕೆಲ ವರ್ಷ ಕನ್ಸಲ್ಟಿಂಗ್‌ನಲ್ಲಿದ್ದೆ, ಈಗಲೂ ವರ್ಷಕ್ಕೆ ಎರಡು ಮೂರು ಕಡೆ ಜಡ್ಜ್ ಆಗಿ ಕರೆಯುತ್ತಾರೆ. ಸಲಹೆ ಆಮೇಲೆ ಕೊಡ್ತೀನಿ. ಮೊದಲು ಕೇಸಿನಲ್ಲಿದ್ದ ಅಂಕಿ ಎಲ್ಲ ಹಾಕಮ್ಮ. ಅಡಿಟಿಪ್ಪಣಿ ಸಮೇತ.

ರಸಬಾಳೆ
ಕೇಸ್ ಪ್ರತಿ ಇನ್ನೂ ಇದೆ. ಮುಖ್ಯವಾದದ್ದು ಇಷ್ಟು:

ದಿನಕ್ಕೆ 10,000 ಪ್ಯಾಕೆಟ್, 800 ಅಂಗಡಿಗೆ. ಅಂಗಡಿಯವರಿಂದ ಕಂಪನಿಗೆ ಪ್ಯಾಕೆಟ್‌ಗೆ ₹60. ಅಕ್ಕಿ, ಉದ್ದು, ಕವರ್, ಕರೆಂಟ್ ಸೇರಿ ₹36 ಖರ್ಚು, ಸಾಗಣೆ ₹6. ಬಾಡಿಗೆ, ಸಂಬಳ ಎಲ್ಲ ತಿಂಗಳಿಗೆ ₹27 ಲಕ್ಷ.

ನಾವು ಮಾಡಿದ ಲೆಕ್ಕ: 60ರಲ್ಲಿ 42 ಕಳೆದರೆ 18. ಅದು ಇಂಟು 10,000 ಅಂದರೆ ₹1.8 ಲಕ್ಷ. ಅದರಲ್ಲಿ ದಿನದ ಸ್ಥಿರ ಖರ್ಚು ₹90,000 ಕಳೆದರೆ ₹90,000 ಲಾಭ.

ಈಗ ನೋಡಿದರೆ ಎಕ್ಸಿಬಿಟ್ 4ರ ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿದೆ: ಮಾರಾಟವಾಗದ ಪ್ಯಾಕೆಟ್ ವಾಪಸ್ ಬಂದರೆ ಅಂಗಡಿಗೆ ಪೂರ್ತಿ ಹಣ ಬಿಟ್ಟುಕೊಡಲಾಗುತ್ತದೆ, ವಾಪಸ್ 18%. ಎರಡನೇ ಪುಟದಲ್ಲಿ, ಮಾಲೀಕರು ತಿಂಗಳಿಗೆ ಐದಾರು ಲಕ್ಷ ಕೈಯಿಂದ ಹಾಕುತ್ತಿದ್ದಾರೆ ಅಂತ ಒಂದು ಸಾಲು. ಅದನ್ನು ನಾಲ್ಕು ಜನವೂ ಓದಿದ್ದೆವು. ಯಾರಿಗೂ ಏನೂ ಅನಿಸಲಿಲ್ಲ.

ಅಡಿಕೆ ತೋಟ
ಸರಿ, ಈಗ ಎಲ್ಲ ಸಿಕ್ಕಿತು. ನಿಧಾನವಾಗಿ ನೋಡೋಣ.

10,000 ಕಳಿಸಿದರೆ 1,800 ವಾಪಸ್ ಬರುತ್ತದೆ. ಹಣ ಬರುವುದು 8,200ಕ್ಕೆ ಮಾತ್ರ, ಅಂದರೆ ₹4,92,000. ಖರ್ಚು ಮಾತ್ರ ಪೂರ್ತಿ 10,000ಕ್ಕೆ, ₹4,20,000. ಉಳಿಯುವುದು ₹72,000. ಸ್ಥಿರ ಖರ್ಚು ₹90,000. ಅಂದರೆ ದಿನಕ್ಕೆ ₹18,000 ನಷ್ಟ, ತಿಂಗಳಿಗೆ ₹5.4 ಲಕ್ಷ.

ಈಗ ಆ ಎರಡನೇ ಪುಟದ ಸಾಲು ಓದು. ಮಾಲೀಕರು ಹಾಕುತ್ತಿರುವುದು ಐದಾರು ಲಕ್ಷ. ಲೆಕ್ಕ ಕೂಡಿತು ಅಲ್ವಾ? ಕೇಸ್ ಬರೆಯುವವರು ಬೇಕಂತಲೇ ಹೀಗೆ ಮಾಡುತ್ತಾರೆ. ಕಥೆಯಲ್ಲಿ ಒಂದು ಕಡೆ ನೋವು ಹೇಳುತ್ತಾರೆ, ಅಂಕಿಯಲ್ಲಿ ಇನ್ನೊಂದು ಕಡೆ ಅದರ ಕಾರಣ ಬಚ್ಚಿಡುತ್ತಾರೆ. ನಿಮ್ಮ ಲೆಕ್ಕದ ಉತ್ತರ ಕಥೆಯ ಜೊತೆ ಕೂಡದಿದ್ದರೆ ಲೆಕ್ಕದಲ್ಲಿ ಏನೋ ಬಿಟ್ಟಿದ್ದೀರಿ ಅಂತ ಅರ್ಥ. ನೀವು ₹90,000 ಲಾಭ ಅಂತ ಬರೆದ ಕ್ಷಣವೇ ಪೆನ್ ಕೆಳಗಿಟ್ಟು, "ಹಾಗಾದರೆ ಈ ಮನುಷ್ಯ ಕೈಯಿಂದ ಯಾಕೆ ಹಾಕ್ತಿದ್ದಾನೆ?" ಅಂತ ಕೇಳಬೇಕಿತ್ತು. ಐದು ನಿಮಿಷದ ಕೆಲಸ. ಸ್ಪರ್ಧೆ ಅಲ್ಲೇ ಹೋಯಿತು.

ನಷ್ಟದಲ್ಲಿರುವ ವ್ಯಾಪಾರವನ್ನು ಹೈದರಾಬಾದಿಗೆ ತಗೊಂಡು ಹೋದರೆ ಅಲ್ಲೂ ಅದೇ ವಾಪಸ್, ಅದರ ಮೇಲೆ ಹೊಸ ಬಾಡಿಗೆ.

ಲೆಡ್ಜರ್ ಲಲಿತ
ಅಂಗಡಿಗಳ ವಿಂಗಡಣೆ ಇರಲಿಲ್ಲವಾ? 18% ಸರಾಸರಿ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಸರಾಸರಿಯ ಒಳಗೆ ಯಾರಿದ್ದಾರೆ ಅಂತ ನೋಡಬೇಕು.

ರಸಬಾಳೆ
ಇದೆ ಮೇಡಂ! ಎಕ್ಸಿಬಿಟ್ 6. 200 ದೊಡ್ಡ ಅಂಗಡಿ, ಒಂದೊಂದಕ್ಕೆ ದಿನಕ್ಕೆ 26 ಪ್ಯಾಕೆಟ್, ವಾಪಸ್ ಒಟ್ಟು 400. 600 ಸಣ್ಣ ಅಂಗಡಿ, ಒಂದೊಂದಕ್ಕೆ 8, ವಾಪಸ್ ಒಟ್ಟು 1,400. ಇದನ್ನು ನಾವು ಪೈ ಚಾರ್ಟ್ ಮಾಡಿ ಹಾಕಿದ್ದೆವು, "ಗ್ರಾಹಕರ ವಿಂಗಡಣೆ" ಅಂತ ತಲೆಬರಹ ಕೊಟ್ಟು.

ಲೆಡ್ಜರ್ ಲಲಿತ
ಅಯ್ಯೋ. ಚಿನ್ನ ಕೈಯಲ್ಲಿಟ್ಟುಕೊಂಡು ಪೈ ಚಾರ್ಟ್ ಮಾಡಿದ್ದೀರಿ.

ದೊಡ್ಡ ಅಂಗಡಿಗೆ ಹೋಗುವುದು 5,200, ಮಾರಾಟ 4,800. ಬರುವ ಹಣ ₹2,88,000, ಖರ್ಚು ₹2,18,400. ಉಳಿಕೆ ₹69,600.
ಸಣ್ಣ ಅಂಗಡಿಗೆ ಹೋಗುವುದು 4,800, ಮಾರಾಟ 3,400. ಬರುವ ಹಣ ₹2,04,000, ಖರ್ಚು ₹2,01,600. ಉಳಿಕೆ ₹2,400.

600 ಅಂಗಡಿ ಸೇರಿ ದಿನಕ್ಕೆ ಎರಡು ಸಾವಿರದ ನಾನೂರು ರೂಪಾಯಿ. ಅಂಗಡಿಗೆ ನಾಲ್ಕು ರೂಪಾಯಿ. ಅರ್ಧ ಗ್ಲಾಸ್ ಟೀ ಕೂಡ ಬರಲ್ಲ.

ಫೆಸ್ಟ್ ಕಿಂಗ್
ಹಾಗಾದರೆ ಉತ್ತರ ಸುಲಭ. 600 ಅಂಗಡಿ ಬಿಟ್ಟುಬಿಡಿ. 80-20 ನಿಯಮ. ಒಂದೇ ಸ್ಲೈಡ್, ಮುಗೀತು.

ಅಡಿಕೆ ತೋಟ
ಬಿಟ್ಟರೆ ಏನಾಗುತ್ತೆ ಲೆಕ್ಕ ಹಾಕಿ ಸ್ವಾಮಿ. ಉಳಿಕೆ ₹69,600. ಸ್ಥಿರ ಖರ್ಚು ಅದೇ ₹90,000. ನಷ್ಟ ₹18,000 ಇದ್ದದ್ದು ₹20,400 ಆಗುತ್ತೆ. ಅಂಗಡಿ ಬಿಟ್ಟ ಮಾತ್ರಕ್ಕೆ ಗಿರಣಿ ಶೆಡ್ಡಿನ ಬಾಡಿಗೆ ಕಡಿಮೆ ಆಗಲ್ಲ.

ಫೆಸ್ಟ್ ಕಿಂಗ್
600 ಅಂಗಡಿಗೆ ಹೋಗುವ ಹುಡುಗರು, ವ್ಯಾನ್ ಕಡಿಮೆ ಆಗಲ್ವಾ? ಸ್ಥಿರ ಖರ್ಚು ಯಾವತ್ತೂ ಸ್ಥಿರ ಅಂತ ಯಾರು ಹೇಳಿದ್ದು?

ಅಡಿಕೆ ತೋಟ
ಒಳ್ಳೆ ಪ್ರಶ್ನೆ. ವ್ಯಾನ್ ಖರ್ಚು ಆ ₹6ರಲ್ಲಿ ಆಗಲೇ ಕಳೆದಾಯಿತು. ಉಳಿದ ₹27 ಲಕ್ಷದಲ್ಲಿ ಎಷ್ಟು ಕಡಿಮೆ ಮಾಡಬಹುದು ಅಂತ ಕೇಸ್ ಹೇಳಿದ್ದರೆ ನಿಮ್ಮ ದಾರಿಯನ್ನೂ ತೂಗಬಹುದು. ದಿನಕ್ಕೆ ₹20,400ಕ್ಕಿಂತ ಜಾಸ್ತಿ ಕಡಿತ ಸಿಕ್ಕರೆ ಅದೂ ಒಂದು ಉತ್ತರವೇ. ಅಂದರೆ ಸ್ಥಿರ ಖರ್ಚಿನ ಹೆಚ್ಚುಕಡಿಮೆ ಕಾಲು ಭಾಗ. ರಸಬಾಳೆ, ಅದರ ವಿವರ ಇದೆಯಾ?

ರಸಬಾಳೆ
ಇಲ್ಲ ಸರ್, ₹27 ಲಕ್ಷ ಅಂತ ಒಂದೇ ಸಾಲು.

ಅಡಿಕೆ ತೋಟ
ಹಾಗಾದರೆ ಅದನ್ನು ಆಧಾರ ಮಾಡಿಕೊಳ್ಳುವಂತಿಲ್ಲ. ಬಿಡುವ ಬದಲು ಸಣ್ಣ ಅಂಗಡಿಗೆ ಕಳಿಸುವುದನ್ನು ಕಡಿಮೆ ಮಾಡಿ ನೋಡಿ. ಈಗ ಅಲ್ಲಿ ದಿನಕ್ಕೆ 8 ಹಾಕಿ, ಸುಮಾರು ಐದೂಮುಕ್ಕಾಲು ಮಾರುತ್ತಿದ್ದಾರೆ. ಸರಾಸರಿ ಆರೂವರೆ ಹಾಕಿದರೆ? 600 ಅಂಗಡಿಗೆ ಒಂದೂವರೆ ಪ್ಯಾಕೆಟ್ ಕಡಿಮೆ ಅಂದರೆ 900 ಪ್ಯಾಕೆಟ್ ಉಳಿಯಿತು. ಒಂದೊಂದಕ್ಕೆ ₹42. ದಿನಕ್ಕೆ ₹37,000 ಚಿಲ್ಲರೆ. ನಷ್ಟ ₹18,000 ಇದ್ದದ್ದು ಲಾಭ ₹19,000 ಚಿಲ್ಲರೆ ಆಯಿತು. ಒಟ್ಟು ವಾಪಸ್ 18ರಿಂದ 10%ಗೆ ಬಂತು. ಒಂದು ರೂಪಾಯಿ ಹೊಸ ಬಂಡವಾಳ ಇಲ್ಲ.

ಇದೇ ಶಿಫಾರಸು. "ಸಣ್ಣ ಅಂಗಡಿಗೆ ದಿನಕ್ಕೆ ಒಂದೂವರೆ ಪ್ಯಾಕೆಟ್ ಕಡಿಮೆ ಹಾಕಿ." ಕೇಳಿದರೆ ನಗು ಬರುತ್ತೆ, ಅಷ್ಟು ಚಿಕ್ಕದು. ಗೆಲ್ಲುವ ಟೀಮ್‌ಗಳು ಹೇಳುವುದು ಇಂಥದ್ದನ್ನೇ.

ಮಂಜಣ್ಣ ಹಿಟ್ಟು
ನಾನು ಎಂಬಿಎ ಅಲ್ಲ. ಹಾಸನದಲ್ಲಿ ಹಿಟ್ಟು ಮಾಡಿ 40 ಅಂಗಡಿಗೆ ಹಾಕ್ತೀನಿ. ನಿಮ್ಮ ಲೆಕ್ಕ ಚೆನ್ನಾಗಿದೆ ಆದರೆ ವಾಪಸ್ ಯಾಕೆ ಬರುತ್ತೆ ಅಂತ ಒಬ್ಬರೂ ಕೇಳಲಿಲ್ಲ.

ಗಿರಾಕಿ ಫ್ರಿಜ್ ಬಾಗಿಲು ತೆಗೆದು ಮುಂದಿನ ಪ್ಯಾಕೆಟ್ ತಗೊಳ್ಳಲ್ಲ. ಕೈ ಹಾಕಿ ಹಿಂದಿನಿಂದ ಹೊಸ ತಾರೀಕಿನದು ಎಳೀತಾರೆ. ಹಳೇದು ಅಲ್ಲೇ ಕೂರುತ್ತೆ. ಇನ್ನೊಂದು, ಸಣ್ಣ ಅಂಗಡಿಯವರು ರಾತ್ರಿ ಬಾಗಿಲು ಹಾಕುವಾಗ ಫ್ರಿಜ್ ಆಫ್ ಮಾಡಿ ಹೋಗ್ತಾರೆ, ಕರೆಂಟ್ ಬಿಲ್ ಉಳಿಯಲಿ ಅಂತ. ಬೆಳಗ್ಗೆ ನೋಡಿದರೆ ಪ್ಯಾಕೆಟ್ ದಿಂಬಿನ ಹಾಗೆ ಉಬ್ಬಿರುತ್ತೆ. ಏಪ್ರಿಲ್-ಮೇನಲ್ಲಂತೂ ಕೇಳಲೇಬೇಡಿ. ಹುಳಿ ಬಂದ ಹಿಟ್ಟನ್ನು ಅವರೂ ಮಾರಲ್ಲ, ನಮಗೇ ವಾಪಸ್.

ಒಂದೂವರೆ ಪ್ಯಾಕೆಟ್ ಕಡಿಮೆ ಹಾಕಿದರೆ ಫ್ರಿಜ್ ಆಫ್ ಮಾಡುವುದು ನಿಲ್ಲುತ್ತಾ?

ಅಡಿಕೆ ತೋಟ
ಮಂಜಣ್ಣ, ನೀವು ಆ ದಿನ ಜಡ್ಜ್ ಆಗಿರಬೇಕಿತ್ತು. ನಿಲ್ಲಲ್ಲ, ನಿಜ. ಆದರೆ ಕೇಸಿನಲ್ಲಿ ಬೇರೆ ಕಾರಣ ಇದೆಯೋ ಏನೋ. ರಸಬಾಳೆ, ಸೇಲ್ಸ್ ಹುಡುಗರ ಕಮಿಷನ್ ಬಗ್ಗೆ ಎಲ್ಲಾದರೂ ಇದೆಯಾ ನೋಡು.

ರಸಬಾಳೆ
ಏಳನೇ ಪುಟ: "ಮಾರಾಟ ಸಿಬ್ಬಂದಿಗೆ ಪ್ರೋತ್ಸಾಹಧನವನ್ನು ಪ್ರತಿದಿನ ಅಂಗಡಿಗೆ ತಲುಪಿಸಿದ ಪ್ಯಾಕೆಟ್‌ಗಳ ಆಧಾರದ ಮೇಲೆ ನೀಡಲಾಗುತ್ತದೆ." ಸರ್ ನಿಮಗೆ ಹೇಗೆ ಗೊತ್ತಾಯಿತು??

ಅಡಿಕೆ ತೋಟ
ವಾಪಸ್‌ನ ಕೇಸ್‌ಗಳಲ್ಲಿ ಬಹಳ ಸಲ ಅಲ್ಲೇ ಇರುತ್ತೆ. ಹುಡುಗನಿಗೆ ತಲುಪಿಸಿದ್ದಕ್ಕೆ ದುಡ್ಡು, ಅಂಗಡಿಯವನಿಗೆ ವಾಪಸ್ ಕೊಟ್ಟರೆ ಪೂರ್ತಿ ಹಣ. ಇಬ್ಬರಿಗೂ ಜಾಸ್ತಿ ಹಾಕುವುದರಿಂದ ನಷ್ಟ ಇಲ್ಲ. ನಷ್ಟ ಪೂರ್ತಿ ಕಂಪನಿಗೆ. ಕಮಿಷನ್ ಅನ್ನು ವಾಪಸ್ ಕಳೆದು ಉಳಿದದ್ದರ ಮೇಲೆ ಕೊಡಿ ಅಂದರೆ ಶಿಫಾರಸಿನ ಎರಡನೇ ಅರ್ಧ ಸಿಕ್ಕಿತು. ಮೊದಲ ಅರ್ಧ ಏನು ಮಾಡಬೇಕು, ಎರಡನೇ ಅರ್ಧ ಅದು ಯಾಕೆ ನಿಜವಾಗಿ ನಡೆಯುತ್ತೆ.

ಮಂಜಣ್ಣನ ಫ್ರಿಜ್ ಮಾತನ್ನು ಪ್ರಶ್ನೋತ್ತರಕ್ಕೆ ಇಟ್ಟುಕೊಳ್ಳಿ. ಕೇಸಿನಲ್ಲಿ ಇಲ್ಲದ ಸಂಗತಿಯನ್ನು ಮುಖ್ಯ ವಾದ ಮಾಡಿದರೆ ಜಡ್ಜ್ ಸಾಕ್ಷಿ ಕೇಳುತ್ತಾರೆ.

ಮಂಜಣ್ಣ ಹಿಟ್ಟು
ಕಮಿಷನ್ ಹಾಗೆ ಮಾಡಿದರೆ ಹುಡುಗರು ಕೆಲಸ ಬಿಟ್ಟು ಹೋಗ್ತಾರೆ. ನೋಡಿದ್ದೀನಿ. ಇರಲಿ.

ಗುಂಡ್ಲುಪೇಟೆ ಗಾಳಿ
ನನ್ನ ಪ್ರಶ್ನೆ ಬೇರೆ. ಕಡಿಮೆ ಹಾಕಿದರೆ ಮಾರಾಟವೂ ಕಡಿಮೆ ಆಗಲ್ವಾ? ಗಿರಾಕಿ ಬಂದಾಗ ಹಿಟ್ಟು ಇಲ್ಲ ಅಂದರೆ ಪಕ್ಕದ ಬ್ರ್ಯಾಂಡ್ ತಗೊಂಡು ಹೋಗ್ತಾನೆ. ನಿಮ್ಮ ಲೆಕ್ಕದಲ್ಲಿ 8,200 ಹಾಗೇ ಇದೆ. ಅದು ಮೋಸ.

ಲೆಡ್ಜರ್ ಲಲಿತ
ಮೋಸ ಅಲ್ಲ, ಊಹೆ. ಆದರೆ ಜಡ್ಜ್ ಖಂಡಿತ ಇದನ್ನೇ ಕೇಳುತ್ತಾರೆ, ಹಾಗಾಗಿ ಉತ್ತರ ಜೇಬಿನಲ್ಲಿರಬೇಕು.

ವಾಪಸ್ 10% ಆದಮೇಲೆ ಮಾರಾಟವಾದ ಒಂದು ಪ್ಯಾಕೆಟ್ ಮೇಲೆ ಉಳಿಯುವುದು ₹13 ಚಿಲ್ಲರೆ. ಲಾಭ ₹19,300. ಭಾಗಿಸಿದರೆ 1,450. ಅಂದರೆ ದಿನಕ್ಕೆ 1,450 ಪ್ಯಾಕೆಟ್ ಮಾರಾಟ ಕಳೆದುಕೊಂಡರೂ ನಷ್ಟಕ್ಕೆ ಬೀಳಲ್ಲ. ಅದು 8,200ರಲ್ಲಿ 17-18%. ಅಷ್ಟು ಬೀಳುತ್ತೆ ಅಂತ ಯಾರೂ ವಾದ ಮಾಡಲಾರರು. ಇದನ್ನು ಬ್ಯಾಕಪ್ ಸ್ಲೈಡ್‌ನಲ್ಲಿ ಇಡಿ. ಎಕ್ಸೆಲ್‌ನಲ್ಲಿ ಒಂದೇ ಸಾಲು:

```
=B2*60-B2/(1-B3)*42-90000
```

B2ನಲ್ಲಿ ಮಾರಾಟ, B3ನಲ್ಲಿ ವಾಪಸ್ ಪ್ರಮಾಣ. 8200, 0.18 ಹಾಕಿದರೆ ಮೈನಸ್ 18,000 ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ತಪ್ಪಿದ್ದೀರಿ. ಆಮೇಲೆ B3 ಬದಲಾಯಿಸುತ್ತಾ ಹೋಗಿ. ಹೆಚ್ಚುಕಡಿಮೆ 14.3%ಗೆ ಸೊನ್ನೆಗೆ ಬರುತ್ತೆ. "10 ಆಗದಿದ್ದರೂ ಪರವಾಗಿಲ್ಲ, 14ಕ್ಕೆ ಇಳಿದರೆ ಕೈಯಿಂದ ಹಾಕುವುದು ನಿಲ್ಲುತ್ತೆ" ಅಂತ ಹೇಳಿ ನೋಡಿ, ಎದುರಿಗಿದ್ದವರು ಪೆನ್ ತೆಗೆದು ಬರೆದುಕೊಳ್ಳುತ್ತಾರೆ.

ಗುಂಡ್ಲುಪೇಟೆ ಗಾಳಿ
ಒಪ್ಪಿದೆ. ಪೂರ್ತಿ ಅಲ್ಲ.

ಮಾಂಟ್ರಿಯಲ್ ಚಳಿ
ಇಲ್ಲಿ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಜಾನ್ ಮೋಲ್ಸನ್ ಎಂಬಿಎ ಕೇಸ್ ಸ್ಪರ್ಧೆ 1981ರಿಂದ ನಡೀತಿದೆ. ಬೇರೆ ಬೇರೆ ದೇಶದ ಟೀಮ್ ಬರುತ್ತವೆ, ಟೀಮ್‌ಗೆ ನಾಲ್ಕು ಜನ. ಒಂದೇ ಕೇಸ್ ಅಲ್ಲ, ಐದು. ಅದರಲ್ಲಿ ಒಂದು ಲೈವ್ ಕೇಸ್, ನಿಜವಾದ ಕಂಪನಿಯವರೇ ಬಂದು ತಮ್ಮ ಸಮಸ್ಯೆ ಮುಂದಿಡುತ್ತಾರೆ. ಜಡ್ಜ್ ಸೀಟಿನಲ್ಲಿ ಕಂಪನಿ ನಡೆಸಿದವರು ಕೂತಿರುತ್ತಾರೆ. ಅಂಥವರ ಮುಂದೆ ಸ್ವಾಟ್ ಹಾಕಿದರೆ ಕಾಫಿ ಕುಡಿಯಲು ಎದ್ದು ಹೋಗುತ್ತಾರೆ.

ನಾನು ಒಂದು ವರ್ಷ ವಾಲಂಟಿಯರ್ ಆಗಿ ಬಾಗಿಲಲ್ಲಿ ನಿಂತು ಟೈಮ್ ಹೇಳುತ್ತಿದ್ದೆ. ಒಳಗೆ ಒಳ್ಳೆ ಟೀಮ್‌ಗಳು ಏನು ಮಾಡುತ್ತವೆ ಅಂತ ಗಾಜಿನಿಂದ ಕಾಣುತ್ತಿತ್ತು. ಮೊದಲ ಅರ್ಧ ಗಂಟೆ ಯಾರೂ ಮಾತಾಡಲ್ಲ. ನಾಲ್ಕು ಜನವೂ ತಲೆ ಬಗ್ಗಿಸಿ ಓದುತ್ತಿರುತ್ತಾರೆ. ಲ್ಯಾಪ್‌ಟಾಪ್ ಮುಚ್ಚಿರುತ್ತೆ. ಸೋಲುವ ಟೀಮ್‌ಗಳಲ್ಲಿ ಹತ್ತನೇ ನಿಮಿಷಕ್ಕೇ ಒಬ್ಬ ಪಿಪಿಟಿ ತೆಗೆದು ಬಣ್ಣ ಆರಿಸುತ್ತಿರುತ್ತಾನೆ.

ಫೆಸ್ಟ್ ಕಿಂಗ್
ಮಾಂಟ್ರಿಯಲ್ ಬೇರೆ, ನಮ್ಮ ಫೆಸ್ಟ್ ಬೇರೆ. ಇಲ್ಲಿ ಮಾರ್ಕ್ ಹಾಳೆಯಲ್ಲಿ "ಸೂಕ್ತ ಮಾದರಿಗಳ ಬಳಕೆ: 15" ಅಂತಲೇ ಇರುತ್ತೆ. ನಾನು ಕಣ್ಣಾರೆ ನೋಡಿದ್ದೇನೆ.

ಅಡಿಕೆ ತೋಟ
ಇದರಲ್ಲಿ ನಿಜ ಇದೆ, ನಾನೂ ಅಂಥ ಹಾಳೆ ತುಂಬಿದ್ದೇನೆ. ಅಂಕದ ಹಾಳೆ ಮೊದಲೇ ಕೊಟ್ಟಿದ್ದರೆ ಅದನ್ನು ಕೇಸಿಗಿಂತ ಮೊದಲು ಓದಿ. ಆದರೆ ಮಾದರಿ ಬಳಸುವುದು ಅಂದರೆ ಅದರ ನಾಲ್ಕು ಚೌಕ ತುಂಬುವುದಲ್ಲ. ಈ ಕೇಸಿಗೆ ಮಾದರಿ ಅಂದರೆ ಲಾಭ ಎಲ್ಲಿ ಸೋರುತ್ತಿದೆ ಅಂತ ಬಿಡಿಸಿದ ಒಂದು ಮರ: ಬೆಲೆ, ಪ್ರಮಾಣ, ಪ್ಯಾಕೆಟ್ ಖರ್ಚು, ಸ್ಥಿರ ಖರ್ಚು, ವಾಪಸ್. ಐದು ಕೊಂಬೆ, ನಾಲ್ಕಕ್ಕೆ ಕಾಟು ಹಾಕಿ, ಒಂದಕ್ಕೆ ಬಣ್ಣ. 15ಕ್ಕೆ 12 ಸಿಗುತ್ತೆ, ಜಾಗವೂ ಉಳಿಯುತ್ತೆ.

ರಸಬಾಳೆ
ಟೈಮ್ ಬಗ್ಗೆ ಹೇಳಿ. ನಮ್ಮದು ಹೀಗಿತ್ತು: ಒಂಬತ್ತರಿಂದ ಹತ್ತೂವರೆ ಓದಿ ಚರ್ಚೆ. ಹತ್ತೂವರೆಯಿಂದ ಹನ್ನೆರಡು ನಾಲ್ಕು ಜನ ನಾಲ್ಕು ಭಾಗ ಹಂಚಿಕೊಂಡು ಸ್ಲೈಡ್ ಮಾಡಿದೆವು. ಹನ್ನೆರಡಕ್ಕೆ ಸೇರಿಸಿದಾಗ ಒಬ್ಬರದು ಆ್ಯಪ್ ಒಳ್ಳೇದು ಅನ್ನುತ್ತಿತ್ತು, ಇನ್ನೊಬ್ಬರದು ಹೈದರಾಬಾದ್. ಹನ್ನೆರಡೂ ಹತ್ತಕ್ಕೆ ಹೈದರಾಬಾದ್ ಅಂತ ಕೈ ಎತ್ತಿ ತೀರ್ಮಾನ ಮಾಡಿದೆವು. ಉಳಿದ ಐವತ್ತು ನಿಮಿಷ ಫಾಂಟ್ ಸರಿ ಮಾಡುವುದರಲ್ಲೇ ಹೋಯಿತು. ಒಂದು ಸಲವೂ ಹೇಳಿ ನೋಡಲಿಲ್ಲ.

ಅಡಿಕೆ ತೋಟ
ಹನ್ನೆರಡೂ ಹತ್ತಕ್ಕೆ ಉತ್ತರ ತೀರ್ಮಾನ! ಸ್ಲೈಡ್ ಮಾಡಿ ಆದಮೇಲೆ!

ನಾನು ಆಡುವಾಗ ನಮ್ಮ ಟೀಮ್ ಗಡಿಯಾರ ಹೀಗಿತ್ತು. ಒಂಬತ್ತರಿಂದ ಒಂಬತ್ತೂವರೆ ಮೌನ. ಪ್ರತಿಯೊಬ್ಬರೂ ಪೂರ್ತಿ ಕೇಸ್ ಓದುತ್ತಾರೆ, ಹಂಚಿಕೊಳ್ಳುವುದಿಲ್ಲ. ಅಡಿಟಿಪ್ಪಣಿಗೆ ಗೆರೆ. ಆಮೇಲೆ ಐದು ನಿಮಿಷ, ಮಾಲೀಕ ನಿಜವಾಗಿ ಏನು ಕೇಳುತ್ತಿದ್ದಾನೆ ಅಂತ ಒಂದು ವಾಕ್ಯ ಬೋರ್ಡ್ ಮೇಲೆ. ನಿಮ್ಮ ಕೇಸಿನಲ್ಲಿ ಅದು "ಎಲ್ಲಿಗೆ ಬೆಳೆಯಲಿ" ಅಲ್ಲ, "ನಾನು ಕೈಯಿಂದ ಹಾಕುವುದು ಯಾವಾಗ ನಿಲ್ಲುತ್ತೆ." ಅಲ್ಲಿಂದ ಹತ್ತೂಕಾಲರ ತನಕ ಇಬ್ಬರು ಲೆಕ್ಕ, ಇಬ್ಬರು ಉಳಿದ ದಾರಿಗಳ ಕೊರತೆ. ಹತ್ತೂಕಾಲಿಗೆ ಉತ್ತರ ಹೇಳಲೇಬೇಕು. ಅರೆಬೆಂದದ್ದಾದರೂ ಸರಿ. ಆಮೇಲೆ ಅದನ್ನು ಮುರಿಯಲು ಹತ್ತು ನಿಮಿಷ ಕೊಡುತ್ತಿದ್ದೆವು. ಮುರಿಯದಿದ್ದರೆ ಮುಂದೆ.

ಹತ್ತೂವರೆಯಿಂದ ಹನ್ನೊಂದು, ಬಿಳಿ ಹಾಳೆ. ಒಂದು ಎ4 ಹಾಳೆ ಮಡಚಿ ಎಂಟು ಮನೆ ಮಾಡಿ, ಪ್ರತಿ ಮನೆಯಲ್ಲಿ ಸ್ಲೈಡಿನ ತಲೆಬರಹ ಮಾತ್ರ, ಪೂರ್ತಿ ವಾಕ್ಯದಲ್ಲಿ. "ಗ್ರಾಹಕರ ವಿಂಗಡಣೆ" ಅನ್ನುವುದು ತಲೆಬರಹ ಅಲ್ಲ. "600 ಅಂಗಡಿಗಳಿಂದ ದಿನಕ್ಕೆ ಉಳಿಯುವುದು ₹2,400 ಮಾತ್ರ" ಅನ್ನುವುದು ತಲೆಬರಹ. ಎಂಟು ತಲೆಬರಹ ಮಾತ್ರ ಗಟ್ಟಿಯಾಗಿ ಓದಿದರೆ ಕಥೆ ಅರ್ಥವಾಗಬೇಕು. ಅರ್ಥವಾಗದಿದ್ದರೆ ಲ್ಯಾಪ್‌ಟಾಪ್ ತೆಗೆಯುವ ಹಾಗಿಲ್ಲ. ಹನ್ನೊಂದರಿಂದ ಹನ್ನೆರಡೂಕಾಲು ಸ್ಲೈಡ್. ಹನ್ನೆರಡೂಕಾಲಿಗೆ ಕೈ ಎತ್ತುವುದು, ಒಂದಕ್ಷರ ತಪ್ಪಿದ್ದರೂ ಮುಟ್ಟುವ ಹಾಗಿಲ್ಲ. ಉಳಿದದ್ದರಲ್ಲಿ ಎರಡು ಸಲ ನಿಂತು ಹೇಳಿ ನೋಡಿ. ಪೆನ್‌ಡ್ರೈವ್‌ಗೆ ಹತ್ತು ನಿಮಿಷ ಬಿಡಿ, ಅದು ಯಾವಾಗಲೂ ಕೈ ಕೊಡುತ್ತೆ.

ಗುಂಡ್ಲುಪೇಟೆ ಗಾಳಿ
ಹತ್ತೂಕಾಲಿಗೆ ತೀರ್ಮಾನ ಅಂದರೆ 75 ನಿಮಿಷ. ಇವರ ಟೀಮ್ ಹತ್ತೂಕಾಲಿಗೆ ತೀರ್ಮಾನ ಮಾಡಿದ್ದರೂ ಹೈದರಾಬಾದ್ ಅಂತಲೇ ಹೇಳುತ್ತಿದ್ದರು. ಬೇಗ ತಪ್ಪುತ್ತಿದ್ದರು, ಅಷ್ಟೇ ವ್ಯತ್ಯಾಸ 😄

ಅಡಿಕೆ ತೋಟ
ಹೌದು. ಆದರೆ ಹತ್ತೂಕಾಲಿಗೆ ತಪ್ಪಿದರೆ ಸರಿಮಾಡಲು ಎರಡೂಮುಕ್ಕಾಲು ಗಂಟೆ ಇರುತ್ತೆ.

ಪಾಟೀಲ ಹುಬ್ಬಳ್ಳಿ
ರೀ, ಒಂದು ಮಾತು. ಉತ್ತರ ಮೊದಲ ಸ್ಲೈಡ್‌ನಲ್ಲೇ ಹೇಳಬೇಕಾ, ಕೊನೆಗಾ? ನಮ್ಮ ಸರ್ ಹೇಳ್ತಾರೆ ಕೊನೆ ತನಕ ಕುತೂಹಲ ಉಳಿಸ್ರಿ ಅಂತ.

ಲೆಡ್ಜರ್ ಲಲಿತ
ಮೊದಲ ಸ್ಲೈಡ್‌ನಲ್ಲಿ. ದಿನಕ್ಕೆ ಹನ್ನೆರಡು ಟೀಮ್ ಕೇಳುವ ಜಡ್ಜ್‌ಗೆ ಊಟ ಆದಮೇಲೆ ಕುತೂಹಲ ಇರಲ್ಲ, ನಿದ್ದೆ ಇರುತ್ತೆ.

ಮಾಂಟ್ರಿಯಲ್ ಚಳಿ
ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಉತ್ತರ ಚಿಕ್ಕದಾಗಿದ್ದರೆ, ಈ ಒಂದೂವರೆ ಪ್ಯಾಕೆಟ್ ತರಹ, ಮೊದಲೇ ಹೇಳಿಬಿಟ್ಟರೆ "ಇಷ್ಟೇನಾ?" ಅನಿಸುತ್ತೆ. ಮೊದಲು ₹18,000 ನಷ್ಟ ತೋರಿಸಿ ಆಮೇಲೆ ಹೇಳಿದರೆ ತೂಕ ಬರುತ್ತೆ. ಎರಡು ಸ್ಲೈಡ್ ತಡ ಆದರೆ ಏನೂ ಮುಳುಗಲ್ಲ.

ಲೆಡ್ಜರ್ ಲಲಿತ
ಅದನ್ನೇ ಒಂದು ವಾಕ್ಯ ಮಾಡಿ. "ದಿನಕ್ಕೆ ₹18,000 ಹೋಗುತ್ತಿದೆ, ಸಣ್ಣ ಅಂಗಡಿಗೆ ಒಂದೂವರೆ ಪ್ಯಾಕೆಟ್ ಕಡಿಮೆ ಹಾಕಿದರೆ ₹19,000 ಬರುತ್ತೆ." ಎರಡೂ ಆಯಿತು.

ಪಾಟೀಲ ಹುಬ್ಬಳ್ಳಿ
ನಮ್ಮ ಸರ್‌ಗೆ ಯಾರು ಹೇಳ್ತೀರಿ?

ರಸಬಾಳೆ
ಹೈದರಾಬಾದ್, ಆ್ಯಪ್ ಬಗ್ಗೆ ಏನೂ ಹೇಳದೆ ಬಿಡಬಹುದಾ? ಕೇಸಿನಲ್ಲಿ ಮೂರು ಪುಟ ಅದರದೇ ಇದೆ.

ಅಡಿಕೆ ತೋಟ
ಬಿಡುವ ಹಾಗಿಲ್ಲ. ಮಾಲೀಕ ಕೇಳಿದ್ದಕ್ಕೆ ಉತ್ತರ ಕೊಡದೆ ಬೇರೆ ಹೇಳಿದರೆ ಅಧಿಕಪ್ರಸಂಗ ಅನಿಸುತ್ತೆ. ಒಂದು ಸ್ಲೈಡ್ ಸಾಕು: ಈಗ ಬೇಡ, ಯಾವಾಗ ಅಂದರೆ ವಾಪಸ್ ಮೂರು ತಿಂಗಳು ಸತತ 10%ರ ಒಳಗೆ ಇದ್ದಮೇಲೆ. "ಬೇಡ" ಅನ್ನುವುದಕ್ಕಿಂತ "ಇದು ಆದರೆ ಹೋಗಿ" ಅನ್ನುವುದನ್ನು ಮಾಲೀಕರು ಕೇಳಿಸಿಕೊಳ್ಳುತ್ತಾರೆ. ಆ ಮೂರು ಪುಟ ಇರುವುದೇ ನಿಮ್ಮ ಟೈಮ್ ತಿನ್ನಲು.

ಕೊಡಗಿನ ಮಳೆ
ಇದು ಮೂಟ್ ಕೋರ್ಟ್‌ಗಿಂತ ಚೆನ್ನಾಗಿದೆ. ನಾಲ್ಕು ಜನರಲ್ಲಿ ಮಾತಾಡುವುದು ಯಾರು? ನಮ್ಮಲ್ಲಿ ಇಬ್ಬರೇ.

ಫೆಸ್ಟ್ ಕಿಂಗ್
ಚೆನ್ನಾಗಿ ಮಾತಾಡುವವರು ಒಬ್ಬರೇ ಇದ್ದರೆ ಅವರೇ ಪೂರ್ತಿ ಮಾತಾಡಲಿ. ಹಂಚಿಕೊಂಡರೆ ಮಧ್ಯೆ ಮೈಕ್ ಕೈ ಬದಲಾಯಿಸುವುದರಲ್ಲೇ ಒಂದು ನಿಮಿಷ ಹೋಗುತ್ತೆ.

ಲೆಡ್ಜರ್ ಲಲಿತ
ನಾನು ಇದಕ್ಕೆ ವಿರೋಧ. ಲೆಕ್ಕ ಮಾಡಿದವರೇ ಲೆಕ್ಕದ ಸ್ಲೈಡ್ ಹೇಳಬೇಕು. ಬೇರೆಯವರು ಹೇಳಿದರೆ ಮೊದಲ ಪ್ರಶ್ನೆಗೇ ಹಿಂದೆ ತಿರುಗಿ ನೋಡುತ್ತಾರೆ, ಜಡ್ಜ್‌ಗೆ ತಕ್ಷಣ ಗೊತ್ತಾಗುತ್ತೆ.

ಫೆಸ್ಟ್ ಕಿಂಗ್
ಪ್ರಶ್ನೆಗೆ ಲೆಕ್ಕ ಮಾಡಿದವರು ಉತ್ತರ ಕೊಡಲಿ, ಹೇಳುವುದು ಒಬ್ಬರೇ ಇರಲಿ. ಎರಡೂ ಬೇರೆ.

ಲೆಡ್ಜರ್ ಲಲಿತ
ನೀವು ಹೇಳಿದಿರಿ, ನಾನು ಕೇಳಿದೆ. ಒಪ್ಪಲ್ಲ.

ರಸಬಾಳೆ
ನಿನ್ನೆ ರಾತ್ರಿ ಟೀಮ್‌ನವರೆಲ್ಲ ಹಾಸ್ಟೆಲ್ ಮೆಸ್‌ನಲ್ಲಿ ಕೂತು ಇದೇ ಕೇಸ್ ಮತ್ತೆ ಮಾಡಿದೆವು. ಅರ್ಧ ಗಂಟೆ ಮೌನ ಅಂದರೆ ಎಷ್ಟು ಕಷ್ಟ ಅಂತ ಗೊತ್ತಾಯಿತು. ಹನ್ನೆರಡನೇ ನಿಮಿಷಕ್ಕೆ ನಮ್ಮ ಹುಡುಗ "ಗುರು, ಟೀ?" ಅಂದ. ಎಂಟು ಮನೆ ಹಾಳೆಯಲ್ಲಿ ಆರೇ ತುಂಬಿದವು, ಇನ್ನೆರಡಕ್ಕೆ ಹೇಳುವುದೇ ಇರಲಿಲ್ಲ. ಹೇಳಿ ನೋಡಿದಾಗ ಏಳೂವರೆ ನಿಮಿಷಕ್ಕೆ ಮುಗಿಯಿತು.

ಒಂದು ಅನುಮಾನ ಉಳಿದಿದೆ. ಸಣ್ಣ ಅಂಗಡಿಯಲ್ಲಿ ಸರಾಸರಿ ಐದೂಮುಕ್ಕಾಲು ಮಾರಾಟ. ಆದರೆ ಶನಿವಾರ ಸಂಜೆ ಹತ್ತು ಹೋಗಬಹುದು, ಮಂಗಳವಾರ ಮೂರು. ಎಲ್ಲ ದಿನವೂ ಆರೂವರೆ ಹಾಕಿದರೆ ಶನಿವಾರ ಕೊರತೆ, ಮಂಗಳವಾರ ವಾಪಸ್. ವಾರದ ದಿನದ ಅಂಕಿ ಕೇಸಿನಲ್ಲಿ ಇಲ್ಲ.

ಅಡಿಕೆ ತೋಟ
ಒಳ್ಳೆ ಅನುಮಾನ. ಅದನ್ನು ನೀವೇ ಮೊದಲು ಹೇಳಿಬಿಡಿ: "ದಿನದ ಅಂಕಿ ನಮ್ಮ ಹತ್ತಿರ ಇಲ್ಲ, ಮೊದಲ ಎರಡು ವಾರ 50 ಅಂಗಡಿಯಲ್ಲಿ ಮಾಡಿ ನೋಡುತ್ತೇವೆ." ಅದು ನಿಮ್ಮ ಆರನೇ ಸ್ಲೈಡ್. ಹಿಟ್ಟು ಕೆಲವು ದಿನ ಇರುವುದರಿಂದ ಮಂಗಳವಾರದ್ದು ಶನಿವಾರಕ್ಕೆ ಆಗುತ್ತಾ ಅನ್ನುವುದು ಮಂಜಣ್ಣನಿಗೆ ಗೊತ್ತು, ನನಗಲ್ಲ.

ಮಂಜಣ್ಣ ಹಿಟ್ಟು
ಫ್ರಿಜ್ ಆನ್ ಇದ್ದರೆ ಆಗುತ್ತೆ. ಆದರೆ ಶನಿವಾರ ಸಂಜೆ ಮಂಗಳವಾರದ ತಾರೀಕು ನೋಡಿ ಯಾರೂ ತಗೊಳ್ಳಲ್ಲ. ನಾನು ಶುಕ್ರವಾರ ರಾತ್ರಿ ರುಬ್ಬಿ ಶನಿವಾರ ಬೆಳಗ್ಗೆ ಬೇರೆ ಲೋಡ್ ಹಾಕ್ತೀನಿ, ಮಂಗಳವಾರ ಹೋಗುವುದೇ ಇಲ್ಲ. ನಿಮ್ಮ ಕಂಪನಿ ವಾರಕ್ಕೆ ಏಳು ದಿನವೂ ವ್ಯಾನ್ ಕಳಿಸ್ತಾರಾ? ಮೊದಲು ಅದನ್ನು ನೋಡಿ.

ರಸಬಾಳೆ
ಒಂಬತ್ತನೇ ಪುಟ ತೆಗೀತಿದ್ದೀನಿ ಅಣ್ಣ, ಒಂದು ನಿಮಿಷ.